ದಿನಕ್ಕೆ 60 ಪುಷಪ್, ಆದರೆ ಸರಿಯಾದವು ಎಷ್ಟು?

ಪ್ರಶ್ನೆ – ಗೋಣಿಕೊಪ್ಪದ ಒಬ್ಬ ತಾಯಿ
ಮಗನಿಗೆ 14 ವರ್ಷ, 48 ಕೆಜಿ. ಹಾಕಿ ಟೀಮಿಗೆ ಸೇರಬೇಕು ಅಂತ ಎರಡು ತಿಂಗಳಿಂದ ದಿನಾ 60 ಪುಷಪ್ ಮಾಡುತ್ತಾನೆ. ಈಗ ಭುಜದ ಮುಂಭಾಗ ಮತ್ತು ಬಲಗೈ ಮಣಿಕಟ್ಟು ನೋಯುತ್ತದೆ ಅನ್ನುತ್ತಾನೆ. ಇನ್ನು ಬೆನ್ನಿನ ಮೇಲೆ ಪುಸ್ತಕದ ಬ್ಯಾಗ್ ಹಾಕಿಕೊಂಡು ಮಾಡು ಎಂದು ಅವನ ಅಪ್ಪ ಹೇಳುತ್ತಿದ್ದಾರೆ. ಅತ್ತೆಗೆ ಹುಡುಗ ಕುಳ್ಳಗೇ ಉಳಿಯುತ್ತಾನೆ ಅನ್ನೋ ಭಯ. ಯಾರ ಮಾತು ಕೇಳಲಿ?

ವಿರಾಜಪೇಟೆಯ ಫಿಸಿಯೋಥೆರಪಿಸ್ಟ್
ಅಕ್ಕ, ಮೊದಲು ಒಂದು ಕೆಲಸ ಮಾಡಿ. ಅವನು ಮಾಡುವಾಗ ಪಕ್ಕದಿಂದ, ಮೊಬೈಲನ್ನು ನೆಲದ ಮಟ್ಟದಲ್ಲಿಟ್ಟು ವಿಡಿಯೋ ತೆಗೆದು ಕಳಿಸಿ. ಹೇಗೆ ಮಾಡಬೇಕು ಎಂದು ಹೇಳಿಕೊಡಬೇಡಿ. ದಿನಾ ಹೇಗೆ ಮಾಡುತ್ತಾನೋ ಹಾಗೇ ಮಾಡಲಿ.

ಸಿದ್ದಾಪುರದ ತೋಟದ ಮಾಲೀಕರು
ನಾವು 15ನೇ ವಯಸ್ಸಿಗೇ 50 ಕೆಜಿಯ ಕಾಫಿ ಮೂಟೆ ಹೊತ್ತವರು. ಏನೂ ಆಗಲಿಲ್ಲ. ಈಗಿನ ಮಕ್ಕಳಿಗೆ ಎಲ್ಲಕ್ಕೂ ನೋವು. ಆದರೆ ಅತ್ತೆ ಹೇಳಿದ್ದೂ ನಿಜ. ಭಾರ ಎತ್ತಿದರೆ ಎತ್ತರ ನಿಲ್ಲುತ್ತದೆ. ಅದಕ್ಕೇ ಪುಷಪ್ ಸೇಫ್, ಅದರಲ್ಲಿ ಭಾರವೇ ಇಲ್ಲ.

ಫಿಸಿಯೋಥೆರಪಿಸ್ಟ್
ಅಂಕಲ್, ಮೂಟೆ ಹೊತ್ತೂ ನೀವು ಎತ್ತರವಾಗೇ ಇದ್ದೀರಿ, ಅಲ್ವಾ? ಹೇಳಿಕೊಡುವವರು ಇದ್ದು, ಅಳತೆಯಲ್ಲಿ ಮಾಡಿದ ವ್ಯಾಯಾಮದಿಂದ ಎತ್ತರ ನಿಲ್ಲುವುದಿಲ್ಲ. ಮಕ್ಕಳ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಮೆತ್ತನೆಯ ಜಾಗ ಇರುತ್ತದೆ. ಅದಕ್ಕೆ ಜೋರು ಪೆಟ್ಟು ಬಿದ್ದರೆ, ಇಲ್ಲವೇ ಅಳತೆ ಮೀರಿ ಮತ್ತೆ ಮತ್ತೆ ಭಾರ ಬಿದ್ದರೆ ತೊಂದರೆ. ಯಾರೂ ನೋಡದಾಗ ಶಕ್ತಿ ಮೀರಿ ಎತ್ತಲು ಹೋದಾಗ ಅಂಥದ್ದು ಆಗಬಹುದು.

ಪುಷಪ್‌ನಲ್ಲಿ ಭಾರವಿಲ್ಲ ಅನ್ನುವುದು ಮಾತ್ರ ತಪ್ಪು. ನೆಲದ ಮೇಲೆ ಮಾಡುವಾಗ ಮೈತೂಕದ ಸುಮಾರು 64% ಕೈಗಳ ಮೇಲೆ ಬೀಳುತ್ತದೆ. ಈ ಹುಡುಗನಿಗೆ ಅದು 30 ಕೆಜಿಗೂ ಜಾಸ್ತಿ. ಅವನು ಆಗಲೇ ಅರ್ಧ ಮೂಟೆಗಿಂತ ಹೆಚ್ಚು ತಳ್ಳುತ್ತಿದ್ದಾನೆ. ಅದರ ಮೇಲೆ ಬ್ಯಾಗ್ ಯಾಕೆ?

ಪೊನ್ನಂಪೇಟೆಯ ಒಬ್ಬರು
ನನ್ನ ಮಗಳಿಗೆ 12. ಬಸ್ಕಿ ಹೊಡೆದರೆ ಮಂಡಿ ಚಿಪ್ಪಿನ ಕೆಳಗೆ ನೋವು, ಅಲ್ಲೇ ಸ್ವಲ್ಪ ಉಬ್ಬಿದೆ. ಅವಳೂ ಪುಷಪ್ ಬಿಡಬೇಕಾ?

ಫಿಸಿಯೋಥೆರಪಿಸ್ಟ್
ಅದು ಬೇರೆ ವಿಷಯ. ಬೇಗ ಬೇಗ ಎತ್ತರ ಆಗುತ್ತಿರುವ, ಓಡಿ ನೆಗೆಯುವ ಮಕ್ಕಳಲ್ಲಿ ಆ ಜಾಗದಲ್ಲಿ ನೋವು ಬರುವುದು ಸಾಮಾನ್ಯ. ಒಮ್ಮೆ ಡಾಕ್ಟರಿಗೆ ತೋರಿಸಿ. ಅಲ್ಲಿಯವರೆಗೆ ನೆಗೆತ, ಆಳದ ಬಸ್ಕಿ ಕಡಿಮೆ ಮಾಡಿ. ಪುಷಪ್‌ಗೂ ಮಂಡಿಗೂ ಸಂಬಂಧವಿಲ್ಲ. ಮಂಡಿ ಊರಿ ಮಾತ್ರ ಮಾಡಿಸಬೇಡಿ.

ಗೋಣಿಕೊಪ್ಪದ ತಾಯಿ
ಮೇಡಂ, ವಿಡಿಯೋ ಕಳಿಸಿದ್ದೇನೆ. ಒಂದೇ ಉಸಿರಿಗೆ 30 ಮಾಡಿದ!

ಫಿಸಿಯೋಥೆರಪಿಸ್ಟ್
ನೋಡಿದೆ. ನಾನು ಎಣಿಸಿದ್ದು 6.

ಏಳನೆಯದರಿಂದ ಸೊಂಟ ಜೋತು ಬೀಳುತ್ತದೆ, ತಲೆ ಮೊದಲು ನೆಲದ ಕಡೆ ಹೋಗುತ್ತದೆ. ಹತ್ತರ ನಂತರ ಅರ್ಧ ಮಾತ್ರ ಇಳಿಯುತ್ತಾನೆ. ಮೊಣಕೈಗಳು ಭುಜದ ನೇರಕ್ಕೆ ರೆಕ್ಕೆಯ ಹಾಗೆ ಅಗಲವಾಗಿವೆ. ಭುಜದ ಮುಂಭಾಗ ನೋಯುವುದಕ್ಕೆ ಇದೇ ಕಾರಣ ಇರಬೇಕು ಅಂತ ನನಗೆ ಅನ್ನಿಸುತ್ತದೆ. 60ರಲ್ಲಿ ಸುಮಾರು 50 ಸಲ ಅವನು ತಪ್ಪನ್ನೇ ಅಭ್ಯಾಸ ಮಾಡುತ್ತಿದ್ದಾನೆ.

ಒಂದು ವಾರ ಪೂರ್ತಿ ಬಿಡಲಿ. ಆಮೇಲೆ ನೆಲ ಬೇಡ. ನಿಮ್ಮ ಜಗಲಿಯ ಕಟ್ಟೆ ಎರಡು ಅಡಿ ಎತ್ತರ ಇದೆಯಾ? ಕೈ ಅಲ್ಲಿಟ್ಟರೆ ಅವನು ತಳ್ಳುವ ತೂಕ ಸುಮಾರು 20 ಕೆಜಿಗೆ ಇಳಿಯುತ್ತದೆ. ಒಂದು ಅಡಿಯ ಮೆಟ್ಟಿಲಾದರೆ 26 ಕೆಜಿ. ಕಟ್ಟೆ, ಮೆಟ್ಟಿಲು, ನೆಲ, ಇದೇ ನಮ್ಮ ತೂಕದ ಬಿಲ್ಲೆಗಳು. ಮಳೆಗಾಲದಲ್ಲಿ ಕಾಫಿ ಕಣದಲ್ಲಿ ಮಾಡಿಸಬೇಡಿ, ಪಾಚಿ ಜಾರುತ್ತದೆ. ಕಟ್ಟೆಯ ಅಂಚು ಹಿಡಿಯಲು ಬಂದರೆ ಒಳ್ಳೆಯದು. ಮಣಿಕಟ್ಟು ಅಷ್ಟೊಂದು ಹಿಂದಕ್ಕೆ ಬಾಗುವುದಿಲ್ಲ.

ಕೈ ಭುಜಕ್ಕಿಂತ ಸ್ವಲ್ಪ ಅಗಲ. ಮೊಣಕೈ ಹೊರಕ್ಕೆ ಹೋಗದೆ ಓರೆಯಾಗಿ ಹಿಂದಕ್ಕೆ ಹೋಗಬೇಕು. ಕುಂಡಿ ಬಿಗಿ ಮಾಡಿದರೆ ಸೊಂಟ ತಾನೇ ನಿಲ್ಲುತ್ತದೆ. ಒಂದು ಪೊರಕೆ ಕೋಲನ್ನು ಬೆನ್ನುದ್ದಕ್ಕೂ ಇಡಿ. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಕುಂಡಿ ಮೂರಕ್ಕೂ ಅದು ತಾಗಿಯೇ ಇರಬೇಕು. ಒಂದು ಜಾಗ ಬಿಟ್ಟಿತೋ, ಆ ಸುತ್ತು ಮುಗಿಯಿತು. ಇಳಿಯುವಾಗ ಮೂರು ಎಣಿಸಲಿ, ಕೆಳಗೆ ಒಂದು ಕ್ಷಣ ನಿಲ್ಲಲಿ, ಆಮೇಲೆ ಮೇಲಕ್ಕೆ.

ಮೂರು ಸುತ್ತು, ಸುತ್ತಿಗೆ 8. ನಡುವೆ ಎರಡು ನಿಮಿಷ ಬಿಡುವು. ಇನ್ನೆರಡು ಮಾಡಬಲ್ಲೆ ಅನ್ನಿಸುವಾಗಲೇ ನಿಲ್ಲಿಸಬೇಕು. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಮೂರೂ ಸುತ್ತಿನಲ್ಲಿ 12 ಚೆನ್ನಾಗಿ ಬಂದು, ಮುಂದಿನ ಸಲವೂ ಹಾಗೇ ಬಂದರೆ ಮೆಟ್ಟಿಲಿಗೆ ಇಳಿಯಲಿ. ಅಲ್ಲಿ ಮತ್ತೆ 8ರಿಂದ ಶುರು.

ಗೋಣಿಕೊಪ್ಪದ ತಾಯಿ
ಕಟ್ಟೆ ಮೇಲೆ ಮಾಡುವುದು ಹುಡುಗಿಯರಿಗೆ ಅಂತಾನೆ ಮೇಡಂ.

ಫಿಸಿಯೋಥೆರಪಿಸ್ಟ್
ಮೂರು ಎಣಿಸಿ ಇಳಿಯುವುದನ್ನು ಅವನ ಅಪ್ಪ ಜೊತೆಗೆ ಮಾಡಲಿ, ಆಮೇಲೆ ಹೇಳಲಿ.

ಮಡಿಕೇರಿಯ ಕಾಲೇಜು ಹುಡುಗ
ದಿನ ಬಿಟ್ಟು ದಿನ ಯಾಕೆ? ಹಗುರ ಇದ್ದರೆ ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಬೇಗ ಕಲಿಯುತ್ತಾನೆ. ನಾನು ಹಾಗೇ ಕಲಿತದ್ದು.

ಫಿಸಿಯೋಥೆರಪಿಸ್ಟ್
ನೋವಿಲ್ಲದ ಹುಡುಗನಾದರೆ, ಸುಸ್ತಾಗುವಷ್ಟು ಮಾಡದಿದ್ದರೆ, ನಿನ್ನ ಮಾತಿನಲ್ಲೂ ಅರ್ಥವಿದೆ. ಇವನಿಗೆ ನೋವಿದೆ, ಸಂಜೆ ಹಾಕಿಯೂ ಇದೆ. ನಾನು ದಿನಾ ಮಾಡಿಸುವುದಿಲ್ಲ.

ಗೋಣಿಕೊಪ್ಪದ ತಾಯಿ – ನಾಲ್ಕು ವಾರದ ನಂತರ
ಬರೆದಿಟ್ಟಿದ್ದೇನೆ. ಕಟ್ಟೆ ಮೇಲೆ ಮೊದಲ ದಿನ 8, 7, 5. ಐದಕ್ಕೇ ಕೋಲು ಬಿತ್ತು, ಅವನಿಗೆ ಸಿಟ್ಟು ಬಂತು. ಮೂರನೇ ವಾರ 11, 10, 10. ಈ ವಾರ ಎರಡು ಸಲ 12, 12, 12. ಭುಜದ ನೋವು ಹೋಗಿದೆ. ಮೆಟ್ಟಿಲಿಗೆ ಇಳಿಸಲಾ? ಅಪ್ಪನಿಗೆ ಇನ್ನೂ ಬ್ಯಾಗಿನದ್ದೇ ಧ್ಯಾನ.

ಫಿಸಿಯೋಥೆರಪಿಸ್ಟ್
ಮಣಿಕಟ್ಟು?

ಗೋಣಿಕೊಪ್ಪದ ತಾಯಿ
ಅದು ಕಡಿಮೆ ಆಗಿಲ್ಲ. ಹೆಬ್ಬೆರಳಿನ ಬದಿಯಲ್ಲಿ ಒತ್ತಿದರೆ ಕೈ ಎಳೆದುಕೊಳ್ಳುತ್ತಾನೆ. ಒಂದು ವಿಷಯ ಹೇಳಿರಲಿಲ್ಲ. ತಡವಾಗಿ ಬಂದವರಿಗೆ ಶಾಲೆಯಲ್ಲಿ 20 ಪುಷಪ್ ಶಿಕ್ಷೆ. ನಮ್ಮ ಬಸ್ ವಾರಕ್ಕೆ ಎರಡು ದಿನವಾದರೂ ತಡ.

ಫಿಸಿಯೋಥೆರಪಿಸ್ಟ್
ಹಾಗಾದರೆ ಮೆಟ್ಟಿಲು ಬೇಡ. ಕಟ್ಟೆಯೂ ಸದ್ಯಕ್ಕೆ ಬೇಡ, ಶಾಲೆಯದ್ದಂತೂ ಬೇಡವೇ ಬೇಡ. ಭಾರ ಇಳಿಸಿದ ಮೇಲೂ ನೋವು ಉಳಿದು, ಮೂಳೆಯ ಮೇಲೆ ಒತ್ತಿದಾಗ ಅಲ್ಲೇ ನೋಯುತ್ತಿದ್ದರೆ, ನಾನು ಹೇಳಿದ ಬೆಳವಣಿಗೆಯ ಜಾಗಕ್ಕೆ ತೊಂದರೆ ಆಗಿರಬಹುದು. ಆಗಿದೆ ಎಂದು ವಿಡಿಯೋ ನೋಡಿ ನಾನು ಹೇಳಲಾರೆ. ಮೂಳೆ ಡಾಕ್ಟರಿಗೆ ತೋರಿಸಿ, ಎಕ್ಸ್‌ರೇ ಬೇಕಾ ಎಂದು ಅವರೇ ಹೇಳುತ್ತಾರೆ. ಶಾಲೆಗೆ ಕೊಡಲು ಒಂದು ಚೀಟಿಯನ್ನೂ ಕೇಳಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಕಾಲಿನ ವ್ಯಾಯಾಮ ಮಾಡಲಿ, ಸುಮ್ನೆ ಕೂರುವುದು ಬೇಡ.

ಬ್ಯಾಗಿನ ಮಾತು, ನೆಲದ ಮೇಲೆ ಮೂರು ಸಲ 12 ಕೋಲು ಬೀಳದೆ ಬಂದ ಮೇಲೆ. ಆಗಲೂ ಎರಡು ಕೆಜಿಯಿಂದ.

ತೋಟದ ಮಾಲೀಕರು
ಶಿಕ್ಷೆಗೆ ಪುಷಪ್ ನಮ್ಮ ಕಾಲದಲ್ಲೂ ಇತ್ತು. ಚೀಟಿ ಕೊಟ್ಟರೆ ಹುಡುಗರು ನಗುವುದಿಲ್ಲವಾ?

ಗೋಣಿಕೊಪ್ಪದ ತಾಯಿ
ನಗುತ್ತಾರೆ ಅಂತಲೇ ಇಷ್ಟು ದಿನ ಇವನು ನನ್ನ ಹತ್ತಿರವೂ ಹೇಳಿರಲಿಲ್ಲ. ಸೋಮವಾರ ಮಡಿಕೇರಿಗೆ ಕರೆದುಕೊಂಡು ಹೋಗುತ್ತೇನೆ.