‘ನಾಮಿನಿ’ಗೆ ‘ವಾರಸುದಾರ’ ಎಂದು ಬರೆಯಬಹುದೇ?

ಪುಣೆಯಿಂದ:
ಚಿಂಚವಾಡದಲ್ಲಿ ನಮ್ಮ ಪಕ್ಕದ ಕಟ್ಟಡದ ಹೆಣ್ಣುಮಗಳೊಬ್ಬಳ ಪರವಾಗಿ ಕೇಳುತ್ತಿದ್ದೇನೆ. ಅವಳ ಗಂಡ ಭೋಸರಿಯ ಕಾರ್ಖಾನೆಯೊಂದರಲ್ಲಿದ್ದ, 2024ರಲ್ಲಿ ಹೃದಯಾಘಾತದಿಂದ ತೀರಿಕೊಂಡ. ಅವನ ಗ್ರಾಚ್ಯುಟಿ ಹಣದ ಬಗ್ಗೆ ಕಂಪನಿ ಬರೆದ ಪತ್ರವನ್ನು ಜಮಖಂಡಿಯಲ್ಲಿರುವ ಅತ್ತೆಗೆ ಓದಿ ಹೇಳಲೆಂದು ಯಾರೋ ಕನ್ನಡ ಮಾಡಿಕೊಟ್ಟಿದ್ದಾರೆ. ಅದರಲ್ಲಿ ‘ಮೃತರ ವಾರಸುದಾರರಾದ ಅಣ್ಣನವರಿಗೆ ಹಣ ಸಲ್ಲುತ್ತದೆ’ ಎಂದಿದೆ. ಮೂಲದಲ್ಲಿ ಇರುವುದು ನಾಮಿನಿ ಎಂದು ಮಾತ್ರ. ಕೆಲಸಕ್ಕೆ ಸೇರಿದಾಗ ಅವನಿಗೆ ಮದುವೆಯಾಗಿರಲಿಲ್ಲ, ಫಾರ್ಮಿನಲ್ಲಿ ಅಣ್ಣನ ಹೆಸರು ಬರೆದಿದ್ದ. ಈಗ ಊರಿನಲ್ಲಿ ಹಣವೆಲ್ಲ ಅಣ್ಣನದೇ ಎಂಬ ಮಾತಾಗಿದೆ. ಮನೆಯಲ್ಲಿ ತಾಯಿ, ಹೆಂಡತಿ, ಮೂರು ವರ್ಷದ ಮಗಳು ಇದ್ದಾರೆ. ನಾಮಿನಿಗೆ ಸರಿಯಾದ ಕನ್ನಡ ಪದ ಯಾವುದು?

ಡೊಂಬಿವಲಿಯಿಂದ:
ಗ್ರಾಚ್ಯುಟಿಗೆ ‘ಉಪದಾನ’ ಎನ್ನುತ್ತಾರೆ. ನಮ್ಮ ಯಜಮಾನರು ಕರ್ನಾಟಕ ಸರಕಾರಿ ನೌಕರರಾಗಿದ್ದರು. ಅವರು ಹೋದ ಮೇಲೆ ಬಂದ ಆದೇಶದಲ್ಲಿ ‘ಮರಣ ಉಪದಾನ’ ಎಂದೇ ಇತ್ತು. ನನ್ನ ಹೆಸರೇ ಇದ್ದುದರಿಂದ ತಕರಾರು ಬರಲಿಲ್ಲ. ಆ ಮಗಳಿಗೆ ಧೈರ್ಯ ಹೇಳಿ.

ವಾಸ್ಕೋದಿಂದ:
ನಾನು ಬ್ಯಾಂಕಿನಲ್ಲಿದ್ದವನು. ನಾಮಿನಿ ಎಂದರೆ ಹಣ ಪಡೆದುಕೊಳ್ಳುವ ಕೈ ಅಷ್ಟೇ, ಒಡೆಯನಲ್ಲ. ಅಣ್ಣ ಪಡೆದು ವಾರಸುದಾರರಿಗೆ ಹಂಚಬೇಕು. ಎಲ್ಲ ಹಣಕ್ಕೂ ಇದೇ ನಿಯಮ. ಹಾಗಾಗಿ ‘ನಾಮನಿರ್ದೇಶಿತ’ ಎಂದು ಬರೆಯಿರಿ.

ಮುಂಬೈಯಿಂದ:
ವಾಸ್ಕೋದ ರಾಯರು ಹೇಳಿದ್ದು ಬ್ಯಾಂಕ್ ಠೇವಣಿಗೆ ಸರಿ, ಗ್ರಾಚ್ಯುಟಿಗೆ ಪೂರ್ತಿ ಹೊಂದುವುದಿಲ್ಲ. ನಾನು ಬಹಳ ಕಾಲ ಕಾರ್ಖಾನೆಗಳ ಸಂಬಳದ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ, ಇಂಥ ಫೈಲುಗಳು ಕೈಯಲ್ಲಿ ಹಾದುಹೋಗಿವೆ. 2024ರ ಸಾವಿಗೆ ಅನ್ವಯಿಸುವುದು 1972ರ ಗ್ರಾಚ್ಯುಟಿ ಕಾಯ್ದೆ. ಅದರ ಪ್ರಕಾರ ಕುಟುಂಬ ಇದ್ದವನು ಕುಟುಂಬದವರನ್ನೇ ನಾಮಿನಿ ಮಾಡಬೇಕು. ಕುಟುಂಬವೇ ಇಲ್ಲದವನು ಯಾರ ಹೆಸರನ್ನಾದರೂ ಬರೆಯಬಹುದು, ಆದರೆ ಮುಂದೆ ಕುಟುಂಬವಾದ ಕ್ಷಣಕ್ಕೆ ಆ ಹೆಸರು ರದ್ದಾಗುತ್ತದೆ. ಅಣ್ಣ ಆ ಕಾಯ್ದೆ ಹೇಳುವ ಕುಟುಂಬದಲ್ಲಿ ಬರುವುದಿಲ್ಲ. ತಾಯಿ ಆಗಲೂ ಮಗನನ್ನೇ ಅವಲಂಬಿಸಿದ್ದರೆ ಅಣ್ಣನ ಹೆಸರು ಮೊದಲಿನಿಂದಲೇ ನಿಲ್ಲುತ್ತಿರಲಿಲ್ಲ; ಇಲ್ಲದಿದ್ದರೆ ಮದುವೆಯ ದಿನ ಬಿದ್ದುಹೋಯಿತು. ಎರಡರಲ್ಲೂ ಹಣ ವಾರಸುದಾರರಿಗೇ. ಅವನ ಸರ್ವಿಸ್ ಎಷ್ಟು, ಬೇಸಿಕ್ ಎಷ್ಟು?

ಪುಣೆಯಿಂದ:
ನಾಲ್ಕು ವರ್ಷ ಎಂಟು ತಿಂಗಳು. ಬೇಸಿಕ್ ಮತ್ತು ಡಿಎ ಸೇರಿ 26,000 ರೂಪಾಯಿ. ಐದು ವರ್ಷ ತುಂಬಿಲ್ಲ, ಗ್ರಾಚ್ಯುಟಿ ಬರುವುದೇ ಅನುಮಾನ ಎಂದು ಕಂಪನಿಯ ಗುಮಾಸ್ತ ಬಾಯಿಮಾತಿಗೆ ಅಂದನಂತೆ.

ಮುಂಬೈಯಿಂದ:
ಅದನ್ನು ಒಪ್ಪಬೇಡಿ. ಐದು ವರ್ಷದ ಷರತ್ತು ಸಾವಿಗೆ ಅನ್ವಯಿಸುವುದಿಲ್ಲ. ಇನ್ನು, ಆರು ತಿಂಗಳು ಮೀರಿದ ಭಾಗವನ್ನು ಇಡೀ ವರ್ಷವೆಂದು ಹಿಡಿಯುತ್ತಾರೆ, ಅಲ್ಲಿಗೆ ಐದು ವರ್ಷವಾಯಿತು. 26,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 1,000. ವರ್ಷಕ್ಕೆ ಹದಿನೈದು ದಿನದಂತೆ 15,000, ಐದು ವರ್ಷಕ್ಕೆ 75,000. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿ, ಹೆಂಡತಿ, ಮಗಳು ಮೂವರೂ ಸಮ, ತಲಾ 25,000. ಇವರಿರುವಾಗ ಅಣ್ಣನಿಗೆ ಪಾಲಿಲ್ಲ. ತಾಯಿಗೂ ಪಾಲಿದೆ ಎಂಬುದನ್ನು ಆ ಹೆಣ್ಣುಮಗಳಿಗೂ ಹೇಳಿ, ಇಲ್ಲದಿದ್ದರೆ ಜಗಳ ಬೇರೆ ದಾರಿ ಹಿಡಿಯುತ್ತದೆ. ಮಗುವಿನ ಪಾಲನ್ನು ನಿಯಂತ್ರಣ ಪ್ರಾಧಿಕಾರದಲ್ಲಿ, ಅಂದರೆ ಈ ಕಾಯ್ದೆಯ ತಕರಾರು ನೋಡುವ ಸರಕಾರಿ ಅಧಿಕಾರಿಯ ಬಳಿ, ಠೇವಣಿ ಇಡಬೇಕು. ಪ್ರಾಯಕ್ಕೆ ಬರುವವರೆಗೆ ಅವರು ಅದನ್ನು ಬ್ಯಾಂಕಿನಲ್ಲಿ ತೊಡಗಿಸುತ್ತಾರೆ.

ಅರ್ಜಿಯನ್ನು ವಾರಸುದಾರರ ‘ಕೆ’ ನಮೂನೆಯಲ್ಲಿ ಕೊಡಿ. ‘ಜೆ’ ನಮೂನೆ ನಾಮಿನಿಯದು, ಅದನ್ನು ಅಣ್ಣನಿಂದ ತುಂಬಿಸಿಬಿಟ್ಟರೆ ಕಂಪನಿ ಅವನಿಗೇ ಚೆಕ್ ಬರೆದೀತು. ಯಾರಿಗೆ ಕೊಡಬೇಕೆಂಬ ತಕರಾರಿದ್ದರೆ ಹಣವನ್ನು ಪ್ರಾಧಿಕಾರದಲ್ಲಿ ಕಟ್ಟಿ ಎಂದು ಕಂಪನಿಗೆ ಲಿಖಿತವಾಗಿ ಕೇಳಿ. ಕಾಯ್ದೆಯೇ ಹಾಗೆ ಹೇಳುತ್ತದೆ.

ವಾಸ್ಕೋದಿಂದ:
ಕುಟುಂಬದ ಷರತ್ತು ನನ್ನ ಗಮನದಲ್ಲಿರಲಿಲ್ಲ, ಉಪಕಾರ. ಆದರೆ ಗುಂಪು ವಿಮೆ?

ಮುಂಬೈಯಿಂದ:
ಅದು ಬೇರೆಯೇ ಹಣ, ಬೇರೆಯೇ ಫಾರ್ಮು. 2015ರ ತಿದ್ದುಪಡಿಯ ನಂತರ ಜೀವವಿಮೆಯಲ್ಲಿ ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾದರೆ ಹಣ ಅವರದೇ ಆಗುತ್ತದೆ. ಅಣ್ಣ ಆ ಸಾಲಿನಲ್ಲಿಲ್ಲ, ಅಲ್ಲಿ ರಾಯರ ‘ಪಡೆದುಕೊಳ್ಳುವ ಕೈ’ ಎಂಬ ಮಾತು ಹೊಂದುತ್ತದೆ. ಆದರೆ ಗುಂಪು ವಿಮೆಯಲ್ಲಿ ಪಾಲಿಸಿ ಇರುವುದು ಕಂಪನಿಯ ಹೆಸರಿನಲ್ಲಿ. ಮುಖ್ಯ ಪಾಲಿಸಿಯ ಪ್ರತಿ ನೋಡದೆ ಮಾತಾಡಲಾರೆ, ಅದನ್ನು ಕೇಳಿ ತರಿಸಿ. ಪಿಎಫ್ ಜೊತೆಗಿನ ವಿಮೆಯನ್ನೂ ಮರೆಯಬೇಡಿ. ಉಳಿದ ಸಂಬಳ, ರಜೆಯ ಹಣ ಸಣ್ಣ ಮೊತ್ತ, ಅದಕ್ಕೆ ಪ್ರತ್ಯೇಕ ರಶೀದಿ ಇರಲಿ. ಎಲ್ಲ ಬಾಬ್ತೂ ಸಂದಾಯವಾಯಿತು ಎಂದು ಒಂದೇ ಕಾಗದಕ್ಕೆ ಸಹಿ ಹಾಕಬಾರದು.

ಪುಣೆಯಿಂದ:
ಹಾಗಾದರೆ ಅನುವಾದದಲ್ಲಿ ‘ನಾಮಿನಿ’ ಎಂದೇ ಉಳಿಸಿ, ‘ಫಾರ್ಮಿನಲ್ಲಿ ಹೆಸರು ಬರೆಸಿದವರು’ ಎಂದು ಸೇರಿಸುತ್ತೇನೆ. ಅತ್ತೆಗೆ ‘ನಾಮನಿರ್ದೇಶಿತ’ ತಿಳಿಯದು. ಇನ್ನೊಂದು ತೊಡಕು: ಅವರು ತಹಸೀಲ್ದಾರ್ ಕಚೇರಿಯ ವಂಶವೃಕ್ಷ ತಂದಿದ್ದಾರೆ. ಕಂಪನಿ ‘ವಾರಸ ದಾಖಲಾ’ ಬೇಕು ಅನ್ನುತ್ತಿದೆ.

ಮುಂಬೈಯಿಂದ:
ಮಹಾರಾಷ್ಟ್ರದಲ್ಲಿ ಅದನ್ನು ಕೊಡುವುದು ಸಿವಿಲ್ ಕೋರ್ಟು, 1827ರ ಮುಂಬೈ ರೆಗ್ಯುಲೇಶನ್ ಪ್ರಕಾರ. ನಮ್ಮ ವಂಶವೃಕ್ಷವನ್ನು ಕೆಲವು ಕಂಪನಿಗಳು ಒಪ್ಪಿದ್ದನ್ನು ಕಂಡಿದ್ದೇನೆ, ಕೆಲವು ಒಪ್ಪಿಲ್ಲ. ಮೊದಲು ಅದರ ಪ್ರತಿ ಲಗತ್ತಿಸಿ ‘ಕೆ’ ನಮೂನೆ ಕೊಟ್ಟು ಸ್ವೀಕೃತಿ ಪಡೆಯಿರಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಲಿ.