ಗಾಳಿಮಳೆಗೆ ಕಾರಿನ ಮೇಲೆ ಮರ ಬಿದ್ದಿದೆ: ವಿಮೆಯ ಯಾವ ಭಾಗದಿಂದ ಹಣ ಬರುತ್ತದೆ?

ಕೇಳಿದವರು, ಜಯಲಕ್ಷ್ಮೀಪುರಂ, ಮೈಸೂರು: ನಿನ್ನೆ ರಾತ್ರಿ ಭರಣಿ ಮಳೆಯ ಗಾಳಿಗೆ ಮನೆಯೆದುರಿನ ಗುಲ್‌ಮೊಹರ್ ಮರ ಬುಡಸಮೇತ ಉರುಳಿ, ರಸ್ತೆಬದಿ ನಿಲ್ಲಿಸಿದ್ದ ನಮ್ಮ ಕಾರಿನ ಮೇಲೆ ಬಿದ್ದಿದೆ. ಛಾವಣಿ ಕುಸಿದಿದೆ, ಮುಂದಿನ ಗಾಜು ಪುಡಿಯಾಗಿದೆ. ಕಾರಿಗೆ ಮೂರು ವರ್ಷ ನಾಲ್ಕು ತಿಂಗಳು. ಪ್ರಕೃತಿ ವಿಕೋಪಕ್ಕೆ ವಿಮೆ ಸಿಗುವುದಿಲ್ಲ ಎಂದು ಪರಿಚಯದ ಏಜೆಂಟ್ ಒಬ್ಬರು ಹೇಳಿದರು. ಮರ ಇನ್ನೂ ಕಾರಿನ ಮೇಲೆಯೇ ಇದೆ. ಅನುಭವ ಇದ್ದವರು ತಿಳಿಸಿ.

ಸರಸ್ವತಿಪುರಂನಿಂದ: ಗಾಬರಿಯಾಗಬೇಡಿ. ಮರ ಪಾಲಿಕೆಯದು, ಅಂದರೆ ಅವರು ಥರ್ಡ್ ಪಾರ್ಟಿ. ನಿಮ್ಮ ಥರ್ಡ್ ಪಾರ್ಟಿ ವಿಮೆಯಿಂದಲೇ ಹಣ ಬರುತ್ತದೆ. ಮರ ತೆಗೆಯುವ ಮೊದಲು ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಬೀದಿಯಲ್ಲಿ ಒಬ್ಬರು ಇದನ್ನು ಮಾಡದೆ ಬಹಳ ಅಲೆದಾಡಿದರು.

ಮಂಡ್ಯದಿಂದ, ನಿವೃತ್ತ ಸರ್ವೇಯರ್: ಫೋಟೊದ ಮಾತು ಸರಿ, ಥರ್ಡ್ ಪಾರ್ಟಿಯ ಮಾತು ತಪ್ಪು. ನಿಮ್ಮ ಕಾರಿನಿಂದ ಬೇರೆಯವರಿಗೆ ಹಾನಿಯಾದರೆ ಮಾತ್ರ ಆ ಭಾಗ ಕೆಲಸಕ್ಕೆ ಬರುತ್ತದೆ. ಇಲ್ಲಿ ಹಾನಿಯಾದದ್ದು ನಿಮ್ಮ ಕಾರಿಗೆ. ಅದಕ್ಕೆ ಹಣ ಬರಬೇಕಾದದ್ದು ಪಾಲಿಸಿಯ ಮೊದಲ ಭಾಗದಿಂದ, ಅಂದರೆ ಓನ್ ಡ್ಯಾಮೇಜ್‌ನಿಂದ.

ಆ ಏಜೆಂಟ್ ಮಾತನ್ನು ನಂಬಿ ಸುಮ್ಮನಾಗಬೇಡಿ. ಮೊದಲ ಭಾಗದ ಪಟ್ಟಿಯಲ್ಲಿ ಬಿರುಗಾಳಿ, ಪ್ರವಾಹ, ಆಲಿಕಲ್ಲು, ಸಿಡಿಲು, ಭೂಕಂಪ, ಭೂಕುಸಿತ, ಬಂಡೆ ಜಾರುವುದು ಎಲ್ಲವೂ ಹೆಸರು ಹೇಳಿಯೇ ಇವೆ. ‘ಮರ ಬೀಳುವುದು’ ಎಂಬ ಪದ ಅಲ್ಲಿ ಕಾಣದೆ ಹಲವರು ಹೆದರುತ್ತಾರೆ. ಗಾಳಿಗೆ ಬಿದ್ದರೆ ಅದು ಬಿರುಗಾಳಿಯ ಹಾನಿ. ಗಾಳಿಯಿಲ್ಲದ ದಿನ, ಬೇರು ಕೊಳೆತು ಬಿದ್ದರೂ ಹೊರಗಿನ ವಸ್ತುವಿನಿಂದಾದ ಅಪಘಾತ ಎಂಬ ಸಾಲಿನಲ್ಲಿ ಸೇರುತ್ತದೆ.

ಈಗ ಮಾಡಬೇಕಾದದ್ದು: ವಿದ್ಯುತ್ ತಂತಿ ಮರಕ್ಕೆ ಸಿಕ್ಕಿಕೊಂಡಿದ್ದರೆ ಹತ್ತಿರ ಹೋಗಬೇಡಿ, ಸರಬರಾಜು ನಿಲ್ಲಿಸಿದ್ದು ಖಚಿತವಾಗಲಿ. ನಾಲ್ಕೂ ಕಡೆಯಿಂದ, ನಂಬರ್ ಪ್ಲೇಟ್ ಮತ್ತು ಮರದ ಬುಡ ಎರಡೂ ಕಾಣುವಂತೆ ಫೋಟೊ, ವಿಡಿಯೊ ತೆಗೆಯಿರಿ. ಇಂದೇ ವಿಮಾ ಕಂಪನಿಗೆ ಕರೆ ಮಾಡಿ ಕ್ಲೇಮ್ ಸಂಖ್ಯೆ ಪಡೆಯಿರಿ. ರಸ್ತೆ ತೆರವು ಮಾಡಲು ಪಾಲಿಕೆಯ ಅಭಯ ತಂಡ ಬಂದರೆ ತಡೆಯಬೇಡಿ, ಕೊಂಬೆ ಕತ್ತರಿಸುವುದನ್ನೂ ಚಿತ್ರೀಕರಿಸಿ. ಕಾರನ್ನು ಮಾತ್ರ ಸರ್ವೇಯರ್ ನೋಡುವ ತನಕ ಬಿಚ್ಚಿಸಬೇಡಿ.

ಮಂಡ್ಯದ ಸುಭಾಷ್ ನಗರದಿಂದ: ನನ್ನ ಕಥೆಯನ್ನೂ ಕೇಳಿ, ಬೇರೆಯವರಿಗೆ ಹೀಗಾಗಬಾರದು. ಕಾರು ಕೊಂಡು ಒಂದೂವರೆ ವರ್ಷಕ್ಕೆ ತೆಂಗಿನಮರ ಬಾನೆಟ್ ಮೇಲೆ ಬಿತ್ತು. ಮೂರು ವರ್ಷದ ಪಾಲಿಸಿ ಇದೆ ಎಂದು ಧೈರ್ಯವಾಗಿದ್ದೆವು. ಆಮೇಲೆ ತಿಳಿಯಿತು, ಮೂರು ವರ್ಷ ಇದ್ದದ್ದು ಥರ್ಡ್ ಪಾರ್ಟಿಗೆ ಮಾತ್ರ. ಓನ್ ಡ್ಯಾಮೇಜ್ ಒಂದೇ ವರ್ಷಕ್ಕೆ ಮುಗಿದಿತ್ತು, ನಾವು ನವೀಕರಿಸಿರಲೇ ಇಲ್ಲ. ಒಂದು ರೂಪಾಯಿಯೂ ಬರಲಿಲ್ಲ. ಯಜಮಾನರ ಎರಡು ತಿಂಗಳ ಸಂಬಳ ಅದಕ್ಕೇ ಹೋಯಿತು.

ನಿವೃತ್ತ ಸರ್ವೇಯರ್: ಅಮ್ಮಾ, ಇದು ನಿಮ್ಮೊಬ್ಬರ ಕಥೆಯಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಯಿತು. ಅಂದಿನಿಂದ ಒಂದೇ ಹಾಳೆಯಲ್ಲಿ ಎರಡು ಮುಕ್ತಾಯದ ದಿನಾಂಕಗಳಿರುತ್ತವೆ, ಜನ ದೂರದ್ದನ್ನು ಮಾತ್ರ ನೋಡುತ್ತಾರೆ. ಓನ್ ಡ್ಯಾಮೇಜ್ ಒಂದನ್ನೇ ಬೇರೆಯಾಗಿ ಕೊಳ್ಳಬಹುದು. ಜಯಲಕ್ಷ್ಮೀಪುರಂನವರೇ, ನಿಮ್ಮ ಹಾಳೆಯಲ್ಲಿ ಆ ದಿನಾಂಕ ಏನಿದೆ, ಮೊದಲು ನೋಡಿ.

ಕೇಳಿದವರು (ಆರು ದಿನದ ಬಳಿಕ): ನೋಡಿದೆ ಸರ್, ಮುಂದಿನ ಜನವರಿಯವರೆಗೆ ಇದೆ. ಸರ್ವೇಯರ್ ಬಂದು ಹೋದರು. ವರ್ಕ್‌ಶಾಪ್ ಅಂದಾಜು ಒಟ್ಟು 1,30,000 ರೂಪಾಯಿ. ಛಾವಣಿ, ಬಾನೆಟ್ ಮೊದಲಾದ ತಗಡಿನ ಭಾಗಗಳು 62,000, ಗಾಜು 9,000, ಪ್ಲಾಸ್ಟಿಕ್ ಭಾಗಗಳು 14,000, ಬಣ್ಣ 20,000, ಕೂಲಿ 25,000. ಇಂಜಿನ್ 1,197 ಸಿಸಿ. ಬಂಪರ್ ಟು ಬಂಪರ್ ಇಲ್ಲ. ಪೂರ್ತಿ ಬರುತ್ತದೆಯೇ?

ನಿವೃತ್ತ ಸರ್ವೇಯರ್: ಪೂರ್ತಿ ಬರುವುದಿಲ್ಲ. ತಗಡಿನ ಭಾಗಕ್ಕೆ ಕಾರಿನ ವಯಸ್ಸಿನಂತೆ ಸವಕಳಿ ಕಳೆಯುತ್ತಾರೆ. ಮೂರು ದಾಟಿ ನಾಲ್ಕು ವರ್ಷದೊಳಗಿನ ಕಾರಿಗೆ ಅದು ಶೇ 25, ಅಂದರೆ 15,500. ಪ್ಲಾಸ್ಟಿಕ್‌ಗೆ ವಯಸ್ಸು ಎಷ್ಟೇ ಇರಲಿ ಅರ್ಧ, 7,000. ಗಾಜಿಗೆ ಸವಕಳಿಯೇ ಇಲ್ಲ, ಕೂಲಿಗೂ ಇಲ್ಲ. ಬಣ್ಣದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ: 20,000ದಲ್ಲಿ ನಾಲ್ಕನೇ ಒಂದು ಭಾಗವನ್ನು ಮಾತ್ರ ಬಣ್ಣದ ಸಾಮಗ್ರಿ ಎಂದು ಹಿಡಿದು, ಅದರ ಅರ್ಧ ಕಳೆಯಬೇಕು. ಅದು 2,500 ಮಾತ್ರ. ಇಡೀ ಬಣ್ಣದ ಬಿಲ್ಲಿಗೆ ಅರ್ಧ ಕಳೆದಿದ್ದರೆ ಪ್ರಶ್ನಿಸಿ. ಕೊನೆಗೆ 1,500 ಸಿಸಿವರೆಗಿನ ಕಾರಿಗೆ ಕಡ್ಡಾಯವಾಗಿ ನೀವೇ ಭರಿಸಬೇಕಾದ 1,000.

ಎಲ್ಲ ಸೇರಿ 26,000 ನಿಮ್ಮ ಕೈಯಿಂದ, 1,04,000 ಕಂಪನಿಯಿಂದ. ಹಳೆಯ ತಗಡಿನ ಗುಜರಿ ಬೆಲೆ ಎಂದು ಇನ್ನಷ್ಟು ಕಳೆಯಬಹುದು. ಬಂಪರ್ ಟು ಬಂಪರ್ ಇದ್ದಿದ್ದರೆ ಸವಕಳಿಯ 25,000 ಉಳಿಯುತ್ತಿತ್ತು. ಕ್ಲೇಮ್ ಮಾಡಿದರೆ ಮುಂದಿನ ನವೀಕರಣದಲ್ಲಿ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಇಷ್ಟು ದೊಡ್ಡ ಹಾನಿಗೆ ಅದನ್ನು ಲೆಕ್ಕಿಸಬೇಡಿ. ಕೊಂಬೆ ತಾಗಿ ನಾಲ್ಕೈದು ಸಾವಿರದ ಗೀರು ಬಿದ್ದಿದ್ದರೆ ಕ್ಲೇಮ್ ಬೇಡ ಎನ್ನುತ್ತಿದ್ದೆ.

ಕುವೆಂಪುನಗರದಿಂದ: ನನ್ನದು ಮರವಲ್ಲ, ಮಣ್ಣು. ಮಡಿಕೇರಿ ದಾಟಿ ಸಂಪಾಜೆ ಘಾಟ್ ಇಳಿಯುವಾಗ ದರೆ ಕುಸಿದು ಕಾರಿನ ಮುಂಭಾಗ ಕೆಸರಿನಲ್ಲಿ ಹೂತುಹೋಯಿತು. ಬಂಪರ್, ರೇಡಿಯೇಟರ್, ಬಾನೆಟ್‌ಗೆ ಹಣ ಬಂತು. ಇಂಜಿನ್‌ಗೆ ಬರಲಿಲ್ಲ. ಭೂಕುಸಿತ ಪಟ್ಟಿಯಲ್ಲಿದೆ ಎಂದ ಮೇಲೆ ಇಂಜಿನ್ ಬೇರೆಯೇ? ಇದು ಅನ್ಯಾಯ ಎಂದು ನನಗೆ ಈಗಲೂ ಅನಿಸುತ್ತದೆ.

ನಿವೃತ್ತ ಸರ್ವೇಯರ್: ಕೆಸರಿನಿಂದ ಹೊರತೆಗೆದ ಮೇಲೆ ಇಂಜಿನ್ ಚಾಲೂ ಮಾಡಿದ್ದಿರಾ?

ಕುವೆಂಪುನಗರದಿಂದ: ಎರಡು ಸಲ ಪ್ರಯತ್ನಿಸಿದೆ. ಮಳೆಯಲ್ಲಿ ಮಕ್ಕಳನ್ನು ಇಟ್ಟುಕೊಂಡು ಇನ್ನೇನು ಮಾಡಲಿ?

ನಿವೃತ್ತ ಸರ್ವೇಯರ್: ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಏರ್ ಫಿಲ್ಟರ್ ದಾರಿಯಲ್ಲಿ ನೀರು ಸಿಲಿಂಡರ್‌ಗೆ ಹೋಗಿರುವಾಗ ಚಾಲೂ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದನ್ನು ಕಂಪನಿಗಳು ಕುಸಿತದ ಹಾನಿ ಎನ್ನುವುದಿಲ್ಲ, ಆಮೇಲೆ ಆದದ್ದು ಎನ್ನುತ್ತವೆ. ಇಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದರೆ ಮಾತು ಬೇರೆ. ನಿಮ್ಮ ಸರ್ವೇ ವರದಿಯ ಪ್ರತಿ ಕೇಳಿ ಪಡೆಯಿರಿ. ರಾಡ್ ಬಾಗಿದ್ದು ಚಾಲೂ ಮಾಡಿದ್ದರಿಂದಲೇ ಎಂದು ಅದರಲ್ಲಿ ಸಾಕ್ಷಿ ಇಲ್ಲದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮೊದಲು ಕಂಪನಿಗೇ ಲಿಖಿತ ದೂರು ಹೋಗಿರಬೇಕು. ಅವರು ಅಂತಿಮವಾಗಿ ನಿರಾಕರಿಸಿ ಒಂದು ವರ್ಷ ಕಳೆದಿರಬಾರದು.

ಸುಭಾಷ್ ನಗರದಿಂದ: ನಮ್ಮಂತೆ ಓನ್ ಡ್ಯಾಮೇಜ್ ಇಲ್ಲದವರು ಮರದ ಒಡೆಯರನ್ನು ಕೇಳಬಹುದೇ? ನಮ್ಮ ಪಕ್ಕದ ಜಾಗದ ಮರ ಅದು, ಒಣಗಿದೆ ಎಂದು ಬಾಯಿಮಾತಿನಲ್ಲಿ ಎರಡು ಸಲ ಹೇಳಿದ್ದೆವು.

ನಿವೃತ್ತ ಸರ್ವೇಯರ್: ಕೇಳಬಹುದು, ಆದರೆ ಅವರ ನಿರ್ಲಕ್ಷ್ಯವನ್ನು ನೀವು ತೋರಿಸಬೇಕು. ಹಸಿರಾಗಿದ್ದ ಮರ ಗಾಳಿಗೆ ಬಿದ್ದರೆ ಬಹಳ ಕಷ್ಟ. ಒಣಮರದ ಬಗ್ಗೆ ಮೊದಲೇ ಬರೆದುಕೊಟ್ಟ ಅರ್ಜಿಯ ಸ್ವೀಕೃತಿ ಇದ್ದರೆ ಬಲ ಬರುತ್ತದೆ, ಬಾಯಿಮಾತಿಗೆ ಎಷ್ಟು ಬೆಲೆ ಸಿಗುತ್ತದೆ ಎಂಬುದನ್ನು ವಕೀಲರೇ ಹೇಳಬೇಕು.

ಸರಸ್ವತಿಪುರಂನಿಂದ: ನಾನು ತಪ್ಪು ತಿಳಿದಿದ್ದೆ, ಕ್ಷಮಿಸಿ. ನಮ್ಮ ಮನೆಯೆದುರಿನ ಮಳೆಮರದ ಒಂದು ದಪ್ಪ ಕೊಂಬೆ ಒಣಗಿದೆ. ನಾಳೆ ಪಾಲಿಕೆಗೆ ಅರ್ಜಿ ಬರೆದು ಸ್ವೀಕೃತಿ ಪಡೆಯುತ್ತೇನೆ.

ಕೇಳಿದವರು: ಸರ್, ಬಣ್ಣದ ಬಿಲ್ಲಿಗೆ 10,000 ಕಳೆದಿದ್ದರು. ನೀವು ಹೇಳಿದ ಲೆಕ್ಕ ಬರೆದು ಕಳುಹಿಸಿದ್ದೇನೆ, ಉತ್ತರ ಬಂದಿಲ್ಲ. ಬಂದ ದಿನ ಇಲ್ಲಿಯೇ ತಿಳಿಸುತ್ತೇನೆ.