ಪಾಲುದಾರರ ನಿಧನದ ನಂತರ ಗುಡ್‌ವಿಲ್ ಮೊತ್ತ ನನ್ನ ಖಾತೆಯಿಂದ ಏಕೆ ಕಡಿತವಾಯಿತು?

ಒಣದ್ರಾಕ್ಷಿ_ವಿಜಯಪುರ:
ಮಾನ್ಯರೇ, ನಾವು ಮೂವರು ಸೇರಿ ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ ನಡೆಸುತ್ತಿದ್ದೆವು. ಲಾಭದ ಪಾಲು ನನಗೆ 5, ಕಾಕಾ ಅವರಿಗೆ 3, ಕಿರಿಯ ಪಾಲುದಾರರಿಗೆ 2 ಇತ್ತು. ಜೂನ್ 30ರಂದು ಕಾಕಾ ತೀರಿಕೊಂಡರು. ಅವರ ಮನೆಯವರಿಗೆ ಸಲ್ಲಬೇಕಾದ ಹಣದ ಬಗ್ಗೆ ತಕರಾರಿಲ್ಲ. ಆದರೆ ಲೆಕ್ಕ ಬರೆಯುವವರು ಅವರ ಗುಡ್‌ವಿಲ್ ಪಾಲಾದ 3,60,000ರಲ್ಲಿ 2,57,143 ರೂಪಾಯಿಯನ್ನು ನನ್ನ ಬಂಡವಾಳದಿಂದ ಕಳೆದಿದ್ದಾರೆ. ನಾನೇಕೆ ಇಷ್ಟು ಕೊಡಬೇಕೆಂದು ಕೇಳಿದರೆ ಸರಿಯಾದ ಉತ್ತರ ಸಿಗುತ್ತಿಲ್ಲ. ದಯವಿಟ್ಟು ತಿಳಿಸಿ.

ಇಳಕಲ್ಲ_ಸೀರೆ_ಅಂಗಡಿ:
ತಪ್ಪು ಸರಕಿನ ಮೌಲ್ಯದಲ್ಲಿರುತ್ತದೆ. ಕೋಲ್ಡ್ ಸ್ಟೋರೇಜಿನಲ್ಲಿರುವ ದ್ರಾಕ್ಷಿಯನ್ನು ನಿಧನದ ದಿನದ ದರಕ್ಕೆ ಏರಿಸಿ ಬರೆದಿದ್ದಾರೆಯೇ? ಹಾಗೆ ಬಂದ ಲಾಭವನ್ನು ಮೂವರಿಗೂ ಹಳೆಯ ಪಾಲಿನಂತೆ ಹಂಚದಿದ್ದರೆ ನಿಮ್ಮ ಬಂಡವಾಳ ಕಡಿಮೆಯಾಗಿಯೇ ಕಾಣುತ್ತದೆ.

ಒಣದ್ರಾಕ್ಷಿ_ವಿಜಯಪುರ:
ಸರಕಿನ ಮೌಲ್ಯ ಒಂದು ಲಕ್ಷ ಏರಿದೆ, ಅದರಲ್ಲಿ 50,000 ನನಗೆ ಜಮಾ ಆಗಿದೆ. ಪ್ರಶ್ನೆ ಗುಡ್‌ವಿಲ್ ಬಗ್ಗೆ.

ಇಳಕಲ್ಲ_ಸೀರೆ_ಅಂಗಡಿ:
ಆದರೂ ದಾಸ್ತಾನನ್ನು ಇನ್ನೊಮ್ಮೆ ತೂಗಿಸಿ ನೋಡಿ. ಎಲ್ಲ ಜಗಳಗಳೂ ಅಲ್ಲಿಂದಲೇ ಹುಟ್ಟುತ್ತವೆ.

ಫೌಂಡ್ರಿ_ಬೆಳಗಾವಿ:
ನಮ್ಮ ಮಾವ ಪಾಲಿನಿಂದ ನಿವೃತ್ತರಾದಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಡದೆ ಬಿಟ್ಟಿದ್ದರಿಂದ, ಮುಂದೆ ಫರ್ಮ್ ಮಾಡಿದ ಸಾಲಕ್ಕೂ ಅವರನ್ನೇ ಹಿಡಿದರು. ನೀವೂ ಮೊದಲು ಪ್ರಕಟಣೆ ಕೊಡಿಸಿರಿ.

ಲೆಕ್ಕಿಗ_ಬಾಗಲಕೋಟೆ:
ಫೌಂಡ್ರಿಯವರೇ, ಅದು ನಿವೃತ್ತಿಯ ವಿಷಯ. ನಿಧನರಾದವರ ಆಸ್ತಿಗೆ ನಂತರದ ಸಾಲಗಳ ಹೊಣೆ ಬರುವುದಿಲ್ಲ, ಅದಕ್ಕೆ ಪ್ರಕಟಣೆಯೂ ಬೇಕಿಲ್ಲ. ಒಣದ್ರಾಕ್ಷಿಯವರೇ, ಒಂದು ಮುಖ್ಯ ಸಂಗತಿಯನ್ನು ನೀವು ಹೇಳಿಲ್ಲ: ಇನ್ನು ಮುಂದೆ ನಿಮ್ಮಿಬ್ಬರ ಪಾಲು ಎಷ್ಟೆಷ್ಟು? ಪಾಲುದಾರರು ತೀರಿಕೊಂಡರೂ ಫರ್ಮ್ ಮುಂದುವರಿಯುತ್ತದೆ ಎಂಬ ಮಾತು ಹಳೆಯ ಪಾಲುದಾರಿಕೆ ಪತ್ರದಲ್ಲಿದೆಯೇ?

ಒಣದ್ರಾಕ್ಷಿ_ವಿಜಯಪುರ:
ಮುಂದುವರಿಯುತ್ತದೆ ಎಂದು ಬರೆದಿದೆ. ಹೊಸ ಪತ್ರದಲ್ಲಿ ಇಬ್ಬರಿಗೂ ಸಮಪಾಲು. ಇದು ಗುಡ್‌ವಿಲ್‌ಗೆ ಸಂಬಂಧಿಸಿದ್ದೆಂದು ನನಗೆ ಅನಿಸಿರಲಿಲ್ಲ.

ಲೆಕ್ಕಿಗ_ಬಾಗಲಕೋಟೆ:
ಎಲ್ಲವೂ ಅದರಲ್ಲಿಯೇ ಇದೆ. ಕಾಕಾ ಅವರು ಬಿಟ್ಟುಹೋದ ಹತ್ತರಲ್ಲಿ ಮೂರು ಪಾಲು ಯಾರಿಗೆ ಸೇರಿತೋ ಅವರೇ ಅದರ ಬೆಲೆ ಕೊಡಬೇಕು. ನಿಮಗೆ ಮೊದಲು ಹತ್ತರಲ್ಲಿ ಐದು ಇತ್ತು, ಈಗಲೂ ಅರ್ಧವೇ ಇದೆ. ನೀವು ಪಡೆದದ್ದು ಏನೂ ಇಲ್ಲ. ಕಿರಿಯರು ಹತ್ತರಲ್ಲಿ ಎರಡರಿಂದ ಐದಕ್ಕೆ ಏರಿದ್ದಾರೆ. ಆದ್ದರಿಂದ 3,60,000 ರೂಪಾಯಿ ಪೂರ್ತಿಯಾಗಿ ಅವರ ಖಾತೆಯಿಂದಲೇ ಕಾಕಾ ಅವರ ಖಾತೆಗೆ ಹೋಗಬೇಕು. ನಿಮ್ಮವರು ಹಳೆಯ 5:2ರಂತೆ ಹಂಚಿದ್ದಾರೆ. ನೀವಿಬ್ಬರೂ ಹೊಸದಾಗಿಯೂ 5:2 ಎಂದೇ ಒಪ್ಪಿಕೊಂಡಿದ್ದರೆ ಮಾತ್ರ ಅದು ಸರಿಯಾಗುತ್ತಿತ್ತು. ಉಳಿದ ಅಂಕಿಗಳನ್ನೂ ಕೊಡಿ.

ಒಣದ್ರಾಕ್ಷಿ_ವಿಜಯಪುರ:
ಮೂರು ವರ್ಷದ ಸರಾಸರಿ ಲಾಭ 6,00,000. ಪತ್ರದಂತೆ ಗುಡ್‌ವಿಲ್ ಅದರ ಎರಡು ಪಟ್ಟು. ಕಾಕಾ ಅವರ ಬಂಡವಾಳ 8,00,000, ಮೀಸಲು ನಿಧಿಯ ಪಾಲು 60,000, ಸರಕಿನ ಏರಿಕೆಯ ಪಾಲು 30,000, ಏಪ್ರಿಲ್‌ನಿಂದ ಜೂನ್‌ವರೆಗಿನ ಲಾಭದ ಪಾಲು 45,000, ಅವರು ತೆಗೆದುಕೊಂಡದ್ದು 15,000. ಕಿರಿಯರ ಬಂಡವಾಳ 2,50,000. ಅವರಿಗೆ ಮೀಸಲಿನಿಂದ 40,000, ಏರಿಕೆಯಿಂದ 20,000 ಬಂದಿದೆ.

ಲೆಕ್ಕಿಗ_ಬಾಗಲಕೋಟೆ:
ಕಾಕಾ ಅವರ ಮನೆಯವರಿಗೆ 12,80,000 ಸಲ್ಲಬೇಕು. ಪಾಲಿನ ಅನುಪಾತ ಬದಲಾದ್ದರಿಂದ ಆ 45,000 ಕೂಡ ಕಿರಿಯರ ಮೇಲೆಯೇ ಬೀಳುತ್ತದೆ. ಆಗ ಅವರ 3,10,000ದಿಂದ 4,05,000 ಕಳೆದು, ಖಾತೆ 95,000 ರೂಪಾಯಿ ಬಾಕಿಗೆ ಇಳಿಯುತ್ತದೆ. ನಿಮ್ಮ ಲೆಕ್ಕದವರು 5:2 ಹಿಡಿದದ್ದು ಇದನ್ನು ಮರೆಮಾಡುವುದಕ್ಕೇ ಇರಬಹುದೆಂದು ನನಗನಿಸುತ್ತದೆ. ಕಿರಿಯರು ಆ ಹಣವನ್ನು ತರಲಿ, ಇಲ್ಲವೇ ಪಾಲನ್ನು ಮತ್ತೆ ನಿಗದಿ ಮಾಡಿಕೊಳ್ಳಿ. ಆದರೆ ನಿಮ್ಮ ಬಂಡವಾಳದಿಂದ ಅವರ ಪಾಲನ್ನು ಕೊಂಡುಕೊಡುವುದು ನ್ಯಾಯವಲ್ಲ. ಇನ್ನೊಂದು ಮಾತು: 12,80,000 ಕೊಡುವುದು ತಡವಾದರೆ, ಪತ್ರದಲ್ಲಿ ಬೇರೆ ಒಪ್ಪಂದವಿಲ್ಲದಿದ್ದಲ್ಲಿ, 1932ರ ಪಾಲುದಾರಿಕೆ ಕಾಯ್ದೆಯ 37ನೇ ಕಲಮಿನಂತೆ ಮನೆಯವರು ವರ್ಷಕ್ಕೆ ಶೇಕಡಾ 6 ಬಡ್ಡಿಯನ್ನಾಗಲಿ, ಆ ಹಣದ ಬಳಕೆಯಿಂದ ಬಂದ ಲಾಭವನ್ನಾಗಲಿ ಕೇಳಬಹುದು. ಬಡ್ಡಿಯೇ ಆದರೆ ವರ್ಷಕ್ಕೆ 76,800 ಆಗುತ್ತದೆ.

ಇಳಕಲ್ಲ_ಸೀರೆ_ಅಂಗಡಿ:
ಆ 45,000 ನನಗೆ ಸರಿ ಕಾಣುವುದಿಲ್ಲ. ವರ್ಷದ ಲಾಭವನ್ನು ನಾಲ್ಕು ಭಾಗ ಮಾಡಿ ಒಂದನ್ನು ಹಿಡಿದಿದ್ದಾರೆ. ಒಣದ್ರಾಕ್ಷಿ ಜೂನ್‌ನೊಳಗೆ ಅಷ್ಟು ಮಾರಾಟವಾಗುತ್ತದೆಯೇ? ಸರಕು ಕೋಲ್ಡ್ ಸ್ಟೋರೇಜಿನಲ್ಲಿದ್ದು ಹಬ್ಬದ ಹೊತ್ತಿಗೆ ಹೊರಡುತ್ತದೆ.

ಲೆಕ್ಕಿಗ_ಬಾಗಲಕೋಟೆ:
ಈ ಸಲ ನಿಮ್ಮ ಮಾತಿನಲ್ಲಿ ಹುರುಳಿದೆ. ಮಾರಾಟದ ಆಧಾರದ ಮೇಲೆ ಲೆಕ್ಕ ಹಾಕುವುದೂ ರೂಢಿಯಲ್ಲಿದೆ. ಯಾವುದನ್ನು ಹಿಡಿಯಬೇಕೆಂಬುದನ್ನು ಪತ್ರ ಹೇಳಬೇಕು.

ಒಣದ್ರಾಕ್ಷಿ_ವಿಜಯಪುರ:
ಪತ್ರದಲ್ಲಿ “ನಿಧನದ ದಿನದವರೆಗಿನ ಲಾಭ” ಎಂದಷ್ಟೇ ಇದೆ. ಕಿರಿಯರಿಗೆ ಗುಡ್‌ವಿಲ್ ಲೆಕ್ಕವನ್ನು ತೋರಿಸಿದೆ. ಮಾರುಕಟ್ಟೆಯ ಓಡಾಟವೆಲ್ಲ ತಮ್ಮದೇ ಆದ್ದರಿಂದ ಸಮಪಾಲು ಬಂದಿದೆ, ಅದಕ್ಕೆ ಬೆಲೆ ಕೊಡುವುದಿಲ್ಲ ಎನ್ನುತ್ತಿದ್ದಾರೆ. ದುಡಿಮೆಗೆ ಸಂಬಳ ಬೇರೆ, ಪಾಲಿನ ಬೆಲೆ ಬೇರೆ ಎಂದು ಹೇಳಿದ್ದೇನೆ. ಕಾಕಾ ಅವರ ಮಗ ಏಪ್ರಿಲ್‌ನಿಂದ ಜೂನ್‌ವರೆಗಿನ ಮಾರಾಟದ ಪಟ್ಟಿಯನ್ನು ಕೇಳಿದ್ದಾರೆ, ಸೋಮವಾರ ಕೊಡುತ್ತೇನೆ.